ಬಂದ ಬಾಗಿಲು ಯಾವುದು?

ವಾರಪತ್ರಿಕೆಯ ಧಾರಾವಾಹಿಯನ್ನು ಎಲ್ಲರೂ ಮೊದಲನೆಯ ಕಂತಿನಿಂದಲೇ ಓದಲು ತೊಡಗುವುದಿಲ್ಲ. ಒಬ್ಬರು ಹನ್ನೊಂದನೆಯ ಕಂತನ್ನು ಬಸ್ಸಿನಲ್ಲಿ ಓದಿ ಮನಸೋಲುತ್ತಾರೆ; ಇನ್ನೊಬ್ಬರು ನೆರೆಮನೆಯಿಂದ ತಂದ ಸಂಚಿಕೆಯಲ್ಲಿ ಐದನೆಯ ಕಂತನ್ನು ಕಂಡು, ತಲೆಬುಡ ತಿಳಿಯದೆ ಪುಟ ಮಗುಚುತ್ತಾರೆ. ಕಥೆ ಒಂದೇ ಆದರೂ ಒಳಬಂದ ಬಾಗಿಲು ಬೇರೆ. ಆದ್ದರಿಂದ ಒಳಗೆ ನಿಂತ ಕಾಲವೂ ಬೇರೆ. ಇಂದು ರಾಜಾಜಿನಗರ, ವಿಜಯನಗರಗಳ ಮನೆಮನೆಯಲ್ಲಿ ಅಡುಗೆ, ಹಾಡು, ಪಾಠ, ಪ್ರವಾಸಗಳೆಲ್ಲ ವಿಡಿಯೊ ರೂಪದಲ್ಲಿ ದೊರೆಯುತ್ತಿರುವಾಗ, ಅವನ್ನು ತಯಾರಿಸುವವರಿಗೂ ಇದೇ ಪ್ರಶ್ನೆ ಎದುರಾಗಿದೆ. ನೋಡುವವರು ಮೊಟ್ಟಮೊದಲು ಯಾವ ವಿಡಿಯೊ ನೋಡಿ ಬಂದರು? ಹಾಗೆ ಬಂದವರಲ್ಲಿ ಎಷ್ಟು ಮಂದಿ ಉಳಿದರು?

ಈ ಲೆಕ್ಕದ ಬಗೆಯನ್ನು ತಿಳಿಯಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳುವುದು ಸುಲಭ. ಬಸವೇಶ್ವರನಗರದಲ್ಲಿ ಮಕ್ಕಳಿಗೆ ಸಂಗೀತಪಾಠ ಹೇಳುವ ಒಬ್ಬ ಗೃಹಿಣಿ ಇದ್ದಾರೆಂದು ಭಾವಿಸಿ. ಕೆಂಗೇರಿಯಷ್ಟು ದೂರದಿಂದ ಬರಲಾರದ ಮಕ್ಕಳಿಗಾಗಿ ಅವರು ಪಾಠಗಳನ್ನು ವಿಡಿಯೊ ಮಾಡಿ ಒಂದು ಸ್ವಂತ ಜಾಲತಾಣದಲ್ಲಿ ಇರಿಸಿದ್ದಾರೆ. ಮನೆಗೆಲಸ, ಪಾಠ ಎಲ್ಲ ಮುಗಿದ ಮೇಲೆ ಅವರಿಗೆ ಉಳಿಯುವುದು ಭಾನುವಾರದ ಒಂದು ಬೆಳಗು. ಆ ಬೆಳಗಿನಲ್ಲಿ ಒಂದೇ ಒಂದು ವಿಡಿಯೊ ಆದೀತು. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆಂದು ಹಾಡಿದ ದೇವರನಾಮವನ್ನು ಸಾವಿರಾರು ಮಂದಿ ನೋಡಿದರು. ಸರಳೆ ವರಸೆಯ ಪಾಠವನ್ನು ನೋಡಿದವರು ಕೆಲವೇ ನೂರು. ಹೀಗಿರುವಾಗ ಪಾಠಗಳನ್ನು ಅರ್ಧಕ್ಕೆ ಬಿಟ್ಟು ಹಬ್ಬದ ಹಾಡುಗಳನ್ನೇ ಹಾಡಬೇಕೆ? ಆ ಒಂದು ಬೆಳಗಿನ ವಿನಿಯೋಗ ಇದರ ಉತ್ತರವನ್ನು ಅವಲಂಬಿಸಿದೆ. ಪಾಠ ನಿಂತರೆ ಅದನ್ನೇ ನೆಚ್ಚಿಕೊಂಡ ಮಕ್ಕಳ ಅಭ್ಯಾಸವೂ ನಡುದಾರಿಯಲ್ಲಿ ನಿಲ್ಲುತ್ತದೆ.

ಎಷ್ಟು ಮಂದಿ ನೋಡಿದರು ಎಂಬ ಒಂದೇ ಸಂಖ್ಯೆಯಿಂದ ಇದಕ್ಕೆ ಉತ್ತರ ಸಿಗದು. ಬಾಗಿಲ ಮುಂದೆ ಹಾದುಹೋದವರನ್ನೂ ಒಳಗೆ ಬಂದು ಚಾಪೆಯ ಮೇಲೆ ಕುಳಿತವರನ್ನೂ ಆ ಸಂಖ್ಯೆ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಅವರನ್ನು ಬೇರ್ಪಡಿಸುವ ಕ್ರಮಕ್ಕೆ ಬಲ್ಲವರು ಕೋಹರ್ಟ್ ವಿಶ್ಲೇಷಣೆ ಎನ್ನುತ್ತಾರೆ. ಕೋಹರ್ಟ್ ಎಂದರೆ ಮೂಲದಲ್ಲಿ ರೋಮನ್ ಸೈನ್ಯದ ಒಂದು ತುಕಡಿ. ಕನ್ನಡದಲ್ಲಿ ಇದಕ್ಕೆ ಸೊಗಸಾದ ಮಾತು ಆಗಲೇ ಉಂಟು: ಓರಗೆ. ಒಂದೇ ವರ್ಷ ಹುಟ್ಟಿದವರು ಓರಗೆಯವರು. ಒಂದೇ ವರ್ಷ ಶಾಲೆಗೆ ಸೇರಿದವರು ಓರಗೆಯವರು. ಅದೇ ರೀತಿ ಒಂದೇ ವಿಡಿಯೊದಿಂದ ಒಳಬಂದವರೂ ಒಂದು ಓರಗೆಯವರು.

ಓರಗೆ ಹಿಡಿದು ನೋಡಿದರೆ ಚಿತ್ರ ಹೇಗೆ ತಿರುವುಮುರುವಾಗುತ್ತದೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಪ್ರಸಿದ್ಧವಾದ ಒಂದು ನಿದರ್ಶನವಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವೇಡ್ ಹ್ಯಾಂಪ್ಟನ್ ಫ್ರಾಸ್ಟ್ ಎಂಬ ವಿದ್ವಾಂಸರು ಮ್ಯಾಸಚೂಸೆಟ್ಸ್ ಪ್ರಾಂತದ ಕ್ಷಯರೋಗದ ಮರಣಗಳನ್ನು ಪರಿಶೀಲಿಸಿದರು; ಅವರ ಲೇಖನ ಅವರು ತೀರಿಕೊಂಡ ಮರುವರ್ಷ, 1939ರಲ್ಲಿ, ಬೆಳಕು ಕಂಡಿತು. 1930ರ ಅಂಕಿಅಂಶಗಳನ್ನು ಮಾತ್ರ ನೋಡಿದವರಿಗೆ ಕ್ಷಯವು ವಯಸ್ಸಾದವರನ್ನೇ ಹೆಚ್ಚಾಗಿ ಬಲಿ ತೆಗೆದುಕೊಳ್ಳುತ್ತಿರುವಂತೆ ಕಾಣುತ್ತಿತ್ತು. ಆದರೆ ಫ್ರಾಸ್ಟ್ ಅವರು ಒಂದೊಂದು ದಶಕದಲ್ಲಿ ಹುಟ್ಟಿದವರನ್ನು ಒಂದೊಂದು ಗುಂಪು ಮಾಡಿ ಅವರ ಜೀವಮಾನದುದ್ದಕ್ಕೂ ಹಿಂಬಾಲಿಸಿದಾಗ, ಪ್ರತಿ ಗುಂಪಿನಲ್ಲಿಯೂ ಶೈಶವವನ್ನು ಬಿಟ್ಟರೆ ಹೆಚ್ಚು ಅಪಾಯ ಇದ್ದದ್ದು ಇಪ್ಪತ್ತರಿಂದ ಮೂವತ್ತರ ಪ್ರಾಯದಲ್ಲಿಯೇ ಎಂದು ತಿಳಿಯಿತು. 1930ರ ವೃದ್ಧರು ಕ್ಷಯವು ಹೆಚ್ಚು ಹಬ್ಬಿದ್ದ ಕಾಲದಲ್ಲಿ ಹುಟ್ಟಿ ಬೆಳೆದವರು. ಆ ಕಾಲದ ಋಣ ಅವರ ಬೆನ್ನ ಹಿಂದೆಯೇ ಬಂದಿತ್ತು. ಒಂದು ದಿನದ ಚಿತ್ರ ಹೇಳದಿದ್ದುದನ್ನು ಓರಗೆಯ ಕಥೆ ಹೇಳಿತು.

ಬಸವೇಶ್ವರನಗರದ ಸಂಗೀತದ ಲೆಕ್ಕವನ್ನೂ ಹೀಗೆಯೇ ಮಾಡಬಹುದು. ಜಾಲತಾಣಕ್ಕೆ ಬರುವ ಪ್ರತಿಯೊಂದು ಫೋನಿಗೂ ಕಂಪ್ಯೂಟರಿಗೂ ಒಂದು ಗುರುತಿನ ಸಂಖ್ಯೆ ದೊರೆಯುವಂತೆ ಏರ್ಪಾಡು ಮಾಡಬಹುದಷ್ಟೆ. ಯಾವ ಗುರುತಿನವರು, ಯಾವ ವಿಡಿಯೊವನ್ನು, ಎಂದು ನೋಡಿದರು ಎಂಬ ಮೂರು ಸಂಗತಿಗಳು ಒಂದು ಪಟ್ಟಿಯಲ್ಲಿದ್ದರೆ ಸಾಕು. ಮೊದಲು ಪ್ರತಿ ಗುರುತಿನ ಎದುರಿಗೂ ಅತ್ಯಂತ ಹಿಂದಿನ ದಿನಾಂಕವನ್ನು ಹುಡುಕಿ, ಅಂದು ನೋಡಿದ ಮೊದಲ ವಿಡಿಯೊವನ್ನು ಬರೆದುಕೊಳ್ಳಬೇಕು. ಅದೇ ಅವರ ಬಾಗಿಲು; ಆಮೇಲೆ ಏನೇ ನೋಡಲಿ, ಅದು ಬದಲಾಗುವುದಿಲ್ಲ. ಅನಂತರ ಒಂದೇ ಬಾಗಿಲಿನವರನ್ನು ಒಟ್ಟುಗೂಡಿಸಬೇಕು. ಕೊನೆಯದಾಗಿ, ಉಳಿದವರೆಂದರೆ ಯಾರು ಎಂಬುದನ್ನು ಲೆಕ್ಕಕ್ಕೆ ಕೂರುವ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಮೊದಲು ಬಂದ ದಿನವಲ್ಲದೆ ಬೇರೊಂದು ದಿನ, 28 ದಿನಗಳೊಳಗೆ, ಮತ್ತೆ ಯಾವುದಾದರೂ ವಿಡಿಯೊ ನೋಡಿದವರನ್ನು ‘ಮರಳಿ ಬಂದವರು’ ಎಂದು ಕರೆಯಬಹುದು. 28 ಎಂಬುದಕ್ಕೂ ಕಾರಣವಿದೆ: ಅದು ಸರಿಯಾಗಿ ನಾಲ್ಕು ವಾರ, ಪ್ರತಿಯೊಬ್ಬರಿಗೂ ನಾಲ್ಕೇ ಭಾನುವಾರಗಳ ಅವಕಾಶ ದೊರೆಯುತ್ತದೆ.

ಲೆಕ್ಕ ಹೀಗೆ ಬಂತೆಂದು ಇಟ್ಟುಕೊಳ್ಳಿ. ಹಬ್ಬದ ದೇವರನಾಮದಿಂದ ಒಳಬಂದವರು 6,000. ಅವರಲ್ಲಿ ಮರಳಿ ಬಂದವರು 180, ಎಂದರೆ ನೂರಕ್ಕೆ 3. ಸರಳೆ ವರಸೆಯ ಮೊದಲ ಪಾಠದಿಂದ ಬಂದವರು 400. ಮರಳಿದವರು 120, ನೂರಕ್ಕೆ 30. ತಂಬೂರಿಗೆ ಶ್ರುತಿ ಸೇರಿಸಿ ಹಾಡುವುದು ಹೇಗೆಂದು ತೋರಿಸುವ ನಾಲ್ಕು ನಿಮಿಷಗಳ ಒಂದು ಚಿಕ್ಕ ವಿಡಿಯೊ ಉಂಟು. ಅದರಿಂದ ಬಂದವರು 250, ಮರಳಿದವರು 100, ನೂರಕ್ಕೆ 40.

ಪ್ರಮಾಣದಲ್ಲಿ ಶ್ರುತಿಯ ವಿಡಿಯೊ ಮೊದಲನೆಯದು. ಆದರೆ ಮರಳಿ ಬಂದವರ ತಲೆಯೆಣಿಕೆಯಲ್ಲಿ ದೇವರನಾಮವೇ ಮುಂದು. ಯಾವುದನ್ನು ನಂಬಬೇಕು? ಇನ್ನೂ ಸ್ವಲ್ಪ ದೂರ ಹಿಂಬಾಲಿಸಿದರೆ ಸಂದೇಹ ತಿಳಿಯಾಗುತ್ತದೆ. ಹನ್ನೆರಡನೆಯ ವಾರದಲ್ಲಿಯೂ ಪಾಠ ನೋಡುತ್ತಿದ್ದವರನ್ನು ಎಣಿಸಿದಾಗ ದೇವರನಾಮದ ಓರಗೆಯಲ್ಲಿ 18 ಮಂದಿ, ಸರಳೆಯದರಲ್ಲಿ 60, ಶ್ರುತಿಯದರಲ್ಲಿ 70 ಮಂದಿ ಉಳಿದಿದ್ದರೆನ್ನೋಣ. ಆರು ಸಾವಿರ ಮಂದಿ ಬಂದ ಹೆಬ್ಬಾಗಿಲಿನಿಂದ ಕೊನೆಗೆ ಉಳಿದವರು ಹದಿನೆಂಟು. ಇನ್ನೂರೈವತ್ತು ಮಂದಿ ಬಂದ ಹಿತ್ತಿಲ ಬಾಗಿಲಿನಿಂದ ಎಪ್ಪತ್ತು. ಹಬ್ಬದ ಹಾಡಿಗೆ ಬಂದವರು ಬಹುಶಃ ಇನ್ನೊಂದು ಹಾಡು ಕೇಳಲು ಒಮ್ಮೆ ಮರಳಿದರು, ಕಲಿಯಲು ಮರಳಿದವರಲ್ಲ. ಆದ್ದರಿಂದ ಒಂದು ಗಡುವಿನಲ್ಲಿ ಮಾತ್ರ ಅಳೆದರೆ ಸಾಲದು. ಹತ್ತಿರದ್ದೊಂದು, ದೂರದ್ದೊಂದು, ಎರಡು ಕಡೆ ಅಳೆಯಬೇಕು.

ಇಷ್ಟರಿಂದಲೇ ತೀರ್ಪು ಕೊಡುವ ಅವಸರ ಮಾತ್ರ ಸಲ್ಲದು. ಇಂಥ ಲೆಕ್ಕ ಕೆಡುವ ದಾರಿಗಳು ಕೆಲವಿವೆ. ಅವುಗಳಲ್ಲಿ ಮೂರು ಮುಖ್ಯವಾದವು.

ಮೊದಲನೆಯದು ಕಾಲದ ದೋಷ. ಕಳೆದ ವಾರ ಬಂದವನಿಗೆ ಮರಳಿ ಬರಲು 28 ದಿನಗಳು ಇನ್ನೂ ದೊರೆತೇ ಇಲ್ಲ. ಅವನನ್ನು ‘ಮರಳದವನು’ ಎಂದು ಬರೆದುಕೊಂಡರೆ ಹೊಸ ವಿಡಿಯೊಗಳೆಲ್ಲ ಹಳೆಯವಕ್ಕಿಂತ ಕೀಳಾಗಿ ತೋರುತ್ತವೆ. ಕೋಷ್ಟಕದಲ್ಲಿ ಯಾವಾಗಲೂ ಇತ್ತೀಚಿನ ಓರಗೆಯೇ ಕೊನೆಯಲ್ಲಿ ನಿಲ್ಲುತ್ತಿದ್ದರೆ ಈ ದೋಷ ಹೊಕ್ಕಿದೆಯೇ ಎಂದು ಮೊದಲು ಪರೀಕ್ಷಿಸಬೇಕು. ಪರಿಹಾರ ಸುಲಭ: ಗಡುವು ಪೂರ್ತಿಯಾಗದವರನ್ನು ಈ ಸಲದ ಲೆಕ್ಕದಿಂದ ಹೊರಗಿಟ್ಟು ಮುಂದಿನ ತಿಂಗಳು ಸೇರಿಸಿಕೊಳ್ಳುವುದು.

ಎರಡನೆಯದು ಸಣ್ಣ ಸಂಖ್ಯೆಯ ದೋಷ. ಇನ್ನೂರೈವತ್ತು ಮಂದಿಯಲ್ಲಿ ನೂರು ಮಂದಿ ಮರಳಿದರೆ ಪ್ರಮಾಣ ನೂರಕ್ಕೆ 40 ಎನ್ನುತ್ತೇವೆ. ಆದರೆ ಕೇವಲ ಅದೃಷ್ಟದ ಓಲಾಟದಿಂದ ನಿಜವಾದ ಪ್ರಮಾಣ ಸುಮಾರು 34ರಿಂದ 46ರ ನಡುವೆ ಎಲ್ಲಿಯಾದರೂ ಇರಬಹುದು. ಬಂದವರೇ ಇಪ್ಪತ್ತೈದು ಮಂದಿಯಾಗಿ ಹತ್ತು ಮಂದಿ ಮರಳಿದ್ದರೆ? ಪ್ರಮಾಣ ಅದೇ 40. ಆದರೆ ಓಲಾಟ ಈಗ ಸುಮಾರು 21ರಿಂದ 59ರವರೆಗೆ ಹಬ್ಬುತ್ತದೆ. ನೂರು ವಿಡಿಯೊಗಳಿರುವ ಕಡೆ ಪ್ರಮಾಣದ ಪ್ರಕಾರ ಪಟ್ಟಿ ಮಾಡಿದರೆ ಮೊದಲ ಸ್ಥಾನ ಬಹುಮಟ್ಟಿಗೆ ಹೀಗೆ ಹತ್ತಿಪ್ಪತ್ತು ಮಂದಿ ನೋಡಿದ ಯಾವುದೋ ವಿಡಿಯೊಗೆ ದೊರೆಯುತ್ತದೆ. ಮುಂದಿನ ತಿಂಗಳು ಅದು ಕಾಣೆಯಾಗಿ ಇನ್ನೊಂದು ಅಲ್ಲಿ ಬಂದು ಕೂರುತ್ತದೆ. ಹಾಗೆ ಪಟ್ಟದ ಮೇಲೆ ತಿಂಗಳಿಗೊಬ್ಬ ಅರಸ ಕುಳಿತರೆ ಅದು ಅದೃಷ್ಟದ ಆಟವೆಂದೇ ತಿಳಿಯಬೇಕು. ಸಣ್ಣ ಓರಗೆಗಳನ್ನು ಒಂದೊಂದಾಗಿ ತೂಗದೆ, ‘ಅಲಂಕಾರಗಳು’, ‘ಗೀತೆಗಳು’, ‘ದೇವರನಾಮಗಳು’ ಎಂದು ಜಾತಿವಾರು ಕೂಡಿಸಿ ತೂಗುವುದು ಲೇಸು.

ಮೂರನೆಯ ದೋಷವೇ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಬಾಗಿಲು ಮನುಷ್ಯನನ್ನು ಬದಲಿಸಿತೋ, ಅಥವಾ ಅಂಥ ಮನುಷ್ಯನೇ ಆ ಬಾಗಿಲನ್ನು ಆರಿಸಿಕೊಂಡನೋ? ಶ್ರುತಿ ಸೇರಿಸುವುದು ಹೇಗೆಂದು ತಾನಾಗಿ ಹುಡುಕಿಕೊಂಡು ಬಂದವನು ಕಲಿಯಬೇಕೆಂದು ಆಗಲೇ ನಿಶ್ಚಯಿಸಿಕೊಂಡವನು. ಅವನು ಯಾವ ವಿಡಿಯೊದಿಂದ ಬಂದರೂ ಉಳಿಯುತ್ತಿದ್ದನೇನೋ. ಇದನ್ನು ಅರಿಯಲು ಪ್ರತಿ ಓರಗೆಯನ್ನೂ ಬಂದ ದಾರಿಯಿಂದ ಮತ್ತೆ ಎರಡು ಪಾಲು ಮಾಡಬೇಕು: ತಾವಾಗಿ ಹುಡುಕಿ ಬಂದವರು ಒಂದು ಪಾಲು, ಯಾರೋ ವಾಟ್ಸ್ಯಾಪಿನಲ್ಲಿ ಕಳಿಸಿದ ಕೊಂಡಿಯನ್ನು ಒತ್ತಿ ಬಂದವರು ಇನ್ನೊಂದು ಪಾಲು. ಹಂಚುವ ಕೊಂಡಿಗೆ ಮುಂಚೆಯೇ ಒಂದು ಗುರುತು ಸೇರಿಸಿದ್ದರೆ ಇದು ತಿಳಿಯುತ್ತದೆ; ಇಲ್ಲದಿದ್ದರೆ ಎಲ್ಲರೂ ಒಂದೇ ರಾಶಿಯಾಗುತ್ತಾರೆ.

ಸರಳೆಯ 400 ಮಂದಿಯಲ್ಲಿ ಹುಡುಕಿ ಬಂದವರು 200, ಅವರಲ್ಲಿ ಮರಳಿದವರು 84; ಕೊಂಡಿಯಿಂದ ಬಂದವರು 200, ಮರಳಿದವರು 36 ಎಂದಿರಲಿ. ಶ್ರುತಿಯ 250 ಮಂದಿಯಲ್ಲಿ ಹುಡುಕಿ ಬಂದವರೇ 200, ಮರಳಿದವರು 88. ಕೊಂಡಿಯಿಂದ ಬಂದವರು ಬರೀ 50, ಮರಳಿದವರು 12. ಈಗ ಸಮಾನರನ್ನು ಸಮಾನರೊಡನೆ ಹೋಲಿಸಿದರೆ, ಹುಡುಕಿ ಬಂದವರಲ್ಲಿ ನೂರಕ್ಕೆ 42 ಮತ್ತು 44; ಕೊಂಡಿಯವರಲ್ಲಿ 18 ಮತ್ತು 24. ಮೊದಲು ಹತ್ತರಷ್ಟು ದೊಡ್ಡದಾಗಿ ಕಂಡ ಅಂತರ ಒಂದು ಕಡೆ ಎರಡಕ್ಕೆ, ಇನ್ನೊಂದು ಕಡೆ ಆರಕ್ಕೆ ಇಳಿದುಹೋಯಿತು. ಶ್ರುತಿಯ ವಿಡಿಯೊದ ಹಿರಿಮೆಯಲ್ಲಿ ಬಹುಪಾಲು ಅದರದಲ್ಲ, ಅದನ್ನು ಹುಡುಕಿದವರದು.

ಇಂಥ ಭ್ರಮೆಗೆ ದೊಡ್ಡ ಸಂಸ್ಥೆಗಳ ಲೆಕ್ಕವನ್ನೂ ಓದುವಾಗ ಎಚ್ಚರವಾಗಿರಬೇಕು. ನೆಟ್‌ಫ್ಲಿಕ್ಸ್ ಸಂಸ್ಥೆಯು 2015ರಲ್ಲಿ ತನ್ನ ಧಾರಾವಾಹಿಗಳ ಬಗ್ಗೆ ಒಂದು ಲೆಕ್ಕವನ್ನು ಪ್ರಕಟಿಸಿತು. ಯಾವ ಕಂತನ್ನು ನೋಡಿದವರಲ್ಲಿ ನೂರಕ್ಕೆ 70 ಮಂದಿ ಮೊದಲ ಸರಣಿಯನ್ನು ಪೂರ್ತಿ ಮುಗಿಸಿದರೋ ಅದೇ ನೋಡುಗರನ್ನು ‘ಹಿಡಿದಿಟ್ಟ’ ಕಂತು ಎಂಬುದು ಅದರ ಸೂತ್ರ. ‘ಬ್ರೇಕಿಂಗ್ ಬ್ಯಾಡ್’ನಲ್ಲಿ ಅದು ಎರಡನೆಯ ಕಂತು, ‘ಮ್ಯಾಡ್ ಮೆನ್’ನಲ್ಲಿ ಆರನೆಯದು, ಪರಿಶೀಲಿಸಿದ ಧಾರಾವಾಹಿಗಳಲ್ಲಿ ಮೊದಲ ಕಂತು ಎಲ್ಲಿಯೂ ಆ ಸ್ಥಾನ ಪಡೆಯಲಿಲ್ಲ. ಸುದ್ದಿ ಸ್ವಾರಸ್ಯವಾದುದೇ. ಆದರೆ ಆರನೆಯ ಕಂತಿಗೆ ಬಂದವನು ಆಗಲೇ ಐದನ್ನು ದಾಟಿ ಬಂದವನು. ಬೇಸರಗೊಂಡವರು ದಾರಿಯಲ್ಲೇ ಉದುರಿಹೋಗಿದ್ದಾರೆ. ಕಂತು ಮುಂದೆ ಹೋದಂತೆ ಮುಗಿಸುವವರ ಪ್ರಮಾಣ ತಾನಾಗಿಯೇ ಏರುತ್ತದೆ. ಆ ಕಂತು ಹಿಡಿದಿಟ್ಟಿತೋ, ಉಳಿಯುವವರೇ ಅಲ್ಲಿಯವರೆಗೆ ಬಂದರೋ ಎಂಬುದನ್ನು ಆ ಸೂತ್ರವೊಂದೇ ಹೇಳಲಾರದು.

ಹಾಗಾದರೆ ಕಾರಣವನ್ನು ಅರಿಯುವ ಬಗೆ ಯಾವುದು? ಆಯ್ಕೆಯನ್ನು ಬರುವವರ ಕೈಯಿಂದ ತೆಗೆದು ಚೀಟಿಯೆತ್ತುವ ಕ್ರಮಕ್ಕೆ ಬಿಡಬೇಕು. ಜಾಲತಾಣದ ಮೊದಲ ಪುಟಕ್ಕೆ ಹೊಸದಾಗಿ ಬಂದವರ ಗುರುತಿನ ಸಂಖ್ಯೆ ಸಮವಾಗಿದ್ದರೆ ಮೇಲುಗಡೆ ಸರಳೆಯ ಪಾಠವನ್ನೂ, ಬೆಸವಾಗಿದ್ದರೆ ಶ್ರುತಿಯ ವಿಡಿಯೊವನ್ನೂ ತೋರಿಸಬಹುದು. ದಿನ ಬಿಟ್ಟು ದಿನ ಬದಲಿಸುವುದಕ್ಕಿಂತ ಇದು ಮೇಲು. ಏಕೆಂದರೆ ಭಾನುವಾರದ ನೋಡುಗರು ಸೋಮವಾರದ ನೋಡುಗರಂತಲ್ಲ. ಇಲ್ಲಿ ಒಂದು ನಿಯಮವನ್ನು ಮರೆಯಬಾರದು: ವಿಡಿಯೊವನ್ನು ಒತ್ತಿ ನೋಡಿದವರನ್ನು ಮಾತ್ರವಲ್ಲ, ಅದು ಯಾರ ಕಣ್ಣ ಮುಂದೆ ಬಂತೋ ಅವರೆಲ್ಲರನ್ನೂ ಎಣಿಸಬೇಕು. ಇಲ್ಲವಾದರೆ ಹಳೆಯ ಆಯ್ಕೆಯ ದೋಷ ಹಿಂಬಾಗಿಲಿನಿಂದ ನುಸುಳುತ್ತದೆ.

ಒಂದೊಂದು ಕಡೆ 400 ಮಂದಿಗೆ ತೋರಿಸಿದಾಗ ಸರಳೆಯ ಕಡೆ 72, ಶ್ರುತಿಯ ಕಡೆ 92 ಮಂದಿ ಮರಳಿದರೆ, ಪ್ರಮಾಣ 18 ಮತ್ತು 23. ಶ್ರುತಿಯೇ ಮುಂದು ಎಂದು ಅನಿಸುತ್ತದೆ. ಆದರೆ ಇಷ್ಟು ಸಂಖ್ಯೆಯಲ್ಲಿ ಅಂತರದ ಓಲಾಟವೇ ಹೆಚ್ಚುಕಡಮೆ ಆರರಷ್ಟಿರುವುದರಿಂದ ಐದರ ಅಂತರವನ್ನು ನಿಶ್ಚಯವೆನ್ನಲಾಗದು. ನಾಲ್ಕರಷ್ಟು ಮಂದಿ ಬಂದರೆ ಓಲಾಟ ಅರ್ಧಕ್ಕೆ ಇಳಿಯುತ್ತದೆ. ಅಲ್ಲಿಯವರೆಗೆ ಕಾಯುವುದೇ ಜಾಣತನ.

ಸ್ವಂತ ಜಾಲತಾಣವಿಲ್ಲದೆ ಯೂಟ್ಯೂಬನ್ನೇ ನಂಬಿದವರಿಗೆ ಈ ಲೆಕ್ಕ ಪೂರ್ತಿಯಾಗಿ ಕೈಗೆ ಸಿಗುವುದಿಲ್ಲ. ಯಾವ ವ್ಯಕ್ತಿ ಮೊದಲು ಏನು ನೋಡಿದ, ಆಮೇಲೆ ಏನು ನೋಡಿದ ಎಂಬ ಪಟ್ಟಿಯನ್ನು ಯೂಟ್ಯೂಬ್ ಚಾನಲಿನವರಿಗೆ ಕೊಡುವುದಿಲ್ಲ. ಒಟ್ಟಿನಲ್ಲಿ ಹೊಸ ನೋಡುಗರು ಎಷ್ಟು, ಮರಳಿದವರು ಎಷ್ಟು, ಯಾವ ವಿಡಿಯೊದಿಂದ ಎಷ್ಟು ಮಂದಿ ಚಂದಾದಾರರಾದರು ಎಂಬಷ್ಟು ಮಾತ್ರ ತಿಳಿಯುತ್ತದೆ. ಹೊಸಬರೆಂದು ತೋರುವವರೆಲ್ಲರೂ ಹೊಸಬರೂ ಅಲ್ಲ. ನೋಡಿದ ಇತಿಹಾಸವನ್ನು ಅಳಿಸಿದವರೂ, ಗುಟ್ಟಾಗಿ ನೋಡುವ ಕಿಟಕಿಯಲ್ಲಿ ಬಂದವರೂ ಅದೇ ಸಾಲಿಗೆ ಸೇರುತ್ತಾರೆ. ಮನೆಯ ದೊಡ್ಡ ಟೀವಿಯಲ್ಲಿ ಅಜ್ಜಿಯೂ ಮೊಮ್ಮಗಳೂ ಒಂದೇ ಖಾತೆಯಿಂದ ನೋಡಿದರೆ ಇಬ್ಬರೂ ಸೇರಿ ಒಬ್ಬರು. ಆದ್ದರಿಂದ ಅಲ್ಲಿ ಸಿಗುವುದು ಓರಗೆಯ ನೆರಳು. ನೆರಳಿನಿಂದ ಆಕಾರವನ್ನು ಊಹಿಸಬಹುದಲ್ಲದೆ ಮುಖವನ್ನು ಗುರುತಿಸಲಾಗದು.

ಇನ್ನು ಆ ಭಾನುವಾರದ ಬೆಳಗಿನ ಪ್ರಶ್ನೆ. ಹಬ್ಬದ ಹಾಡನ್ನು ಬಿಡಬೇಕೆಂದು ಲೆಕ್ಕ ಹೇಳುತ್ತದೆಯೆ? ಇಲ್ಲ. ಸರಳೆಯ ಓರಗೆಯಲ್ಲಿ ಮರಳುವವರ ಪ್ರಮಾಣವನ್ನು 30ರಿಂದ 33ಕ್ಕೆ ಏರಿಸಲು ಬಹಳ ಶ್ರಮಪಟ್ಟರೂ ಲಾಭ ಹನ್ನೆರಡು ಮಂದಿ. ದೇವರನಾಮದ ಓರಗೆಯಲ್ಲಿ ಮೂರನ್ನು ನಾಲ್ಕು ಮಾಡಿದರೆ ಅರವತ್ತು ಮಂದಿ. ಹೆಬ್ಬಾಗಿಲು ಅಗಲವಾಗಿಯೇ ಇದೆ. ಅಲ್ಲಿಂದ ನಡುಮನೆಗೆ ಹೋಗುವ ದಾರಿಯಿಲ್ಲದಿರುವುದೇ ಕೊರತೆ. ಹಾಡು ಮುಗಿದೊಡನೆ ಆ ಹಾಡಿನ ಪಲ್ಲವಿಯನ್ನೇ ಸ್ವರಸ್ವರವಾಗಿ ಬಿಡಿಸಿ ಕಲಿಸುವ ಒಂದು ಚಿಕ್ಕ ಪಾಠದ ಕೊಂಡಿಯನ್ನು ಇಟ್ಟರೆ, ಕೇಳಲು ಬಂದವರಲ್ಲಿ ಕೆಲವರಾದರೂ ಕಲಿಯಲು ಕುಳಿತಾರು. ಯೂಟ್ಯೂಬಿನಲ್ಲಿಯೂ ವಿಡಿಯೊದ ಕೊನೆಯ 5ರಿಂದ 20 ಸೆಕೆಂಡುಗಳಲ್ಲಿ ಇಂಥ ಮುಂದಿನ ದಾರಿಯನ್ನು ತೋರಿಸುವ ಅನುಕೂಲವುಂಟು. ಈ ಭಾನುವಾರ ಮಾಡಬೇಕಾದದ್ದು ಇನ್ನೊಂದು ಹಬ್ಬದ ಹಾಡೂ ಅಲ್ಲ, ಇನ್ನೊಂದು ಸರಳೆಯೂ ಅಲ್ಲ. ಅವೆರಡರ ನಡುವಣ ಆ ಮೆಟ್ಟಿಲು.

ಮೆಟ್ಟಿಲು ಕಟ್ಟಿದ ಮೇಲೆ ಮುಂದಿನ ಶ್ರಾವಣದ ಓರಗೆಯನ್ನು ಈ ಶ್ರಾವಣದ ಓರಗೆಯೊಡನೆಯೇ ಹೋಲಿಸಬೇಕು, ಮಾಘ ಮಾಸದವರೊಡನೆ ಅಲ್ಲ. ಮತ್ತು 28ನೆಯ ದಿನದ ಸಂಖ್ಯೆಯನ್ನು ಕಂಡು ಹಿಗ್ಗದೆ, ಹನ್ನೆರಡನೆಯ ವಾರದಲ್ಲಿ ಹದಿನೆಂಟು ಎಂಬುದು ಎಷ್ಟಾಯಿತೆಂದು ನೋಡಬೇಕು. ಅದೂ ಯಾರು ಮರಳಿ ಬಂದರೆಂಬುದನ್ನಷ್ಟೇ ಹೇಳುತ್ತದೆ. ಅವರಲ್ಲಿ ಯಾರ ಕಂಠ ಶ್ರುತಿಗೆ ಕೂಡಿತೆಂಬುದನ್ನು ತಿಳಿಯಲು ಎದುರಿಗೆ ಕೂರಿಸಿಕೊಂಡು ಹಾಡಿಸಿಯೇ ನೋಡಬೇಕು.